ಮೀಟರಿನ ಕೆಂಪು ದೀಪ ಮತ್ತು dq/dt: ಕರೆಂಟ್, ಪವರ್ ಎಂಬ ಎರಡು ದರಗಳು

ಗೃಹಜ್ಯೋತಿ ಬಂದ ಮೇಲೆ ನಮ್ಮ ಬೀದಿಯಲ್ಲಿ ‘ಯೂನಿಟ್’ ಎಂಬ ಮಾತು ಎಲ್ಲರ ಬಾಯಲ್ಲೂ ಓಡಾಡುತ್ತಿದೆ. ತಿಂಗಳಿಗೆ ಹೆಚ್ಚೆಂದರೆ 200 ಯೂನಿಟ್, ಅದರೊಳಗೂ ಅವರವರ ಮನೆಯ ಹಳೆಯ ಸರಾಸರಿಗೆ ಒಂದಿಷ್ಟು ಸೇರಿಸಿ ಗೊತ್ತುಮಾಡಿದ ಮಿತಿ. ಹಾಗಾಗಿ ಮೊದಲು ಬಿಲ್ ಬಂದಾಗ ಮಾತ್ರ ಮೀಟರಿನ ಕಡೆ ನೋಡುತ್ತಿದ್ದವರು ಈಗ ತಿಂಗಳ ಮಧ್ಯದಲ್ಲೂ ಒಮ್ಮೆ ಇಣುಕಿ ನೋಡುತ್ತಾರೆ. ಪಕ್ಕದ ಮನೆಯ ಅಜ್ಜಿ ಒಂದು ದಿನ ಕೇಳಿದರು: “ಗೀಸರ್ ಮೇಲೆ ಎರಡು ಕಿಲೋವ್ಯಾಟ್ ಅಂತ ಬರೆದಿದೆಯಲ್ಲಪ್ಪಾ, ಅಂದ್ರೆ ದಿನಕ್ಕೆ ಎರಡು ಯೂನಿಟ್ ಹೋಗತ್ತಾ?” ಅದೇ ವಾರ ಅವರ ಮೊಮ್ಮಗಳು, ದ್ವಿತೀಯ ಪಿಯುಸಿ ಓದುವವಳು, ಪುಸ್ತಕ ಹಿಡಿದು ಬಂದಳು: “ಹತ್ತನೇ ಕ್ಲಾಸಲ್ಲಿ I = Q/t ಅಂತಿತ್ತು. ಈಗ i = dq/dt ಅಂತಾರೆ. ಎರಡೂ ಒಂದೇ ಅಲ್ವಾ ಅಂಕಲ್?”

ಅಜ್ಜಿಯ ಪ್ರಶ್ನೆಗೂ ಮೊಮ್ಮಗಳ ಪ್ರಶ್ನೆಗೂ ಉತ್ತರ ಒಂದೇ ಕಡೆ ಇದೆ. ಕೂಡಿಟ್ಟ ಮೊತ್ತ ಬೇರೆ, ಆ ಮೊತ್ತ ಬದಲಾಗುವ ವೇಗ ಬೇರೆ. ಈ ಎರಡನ್ನೂ ಕಲಸಿಬಿಟ್ಟಾಗ ಹುಟ್ಟುವ ತಪ್ಪುಗಳನ್ನು ಹಿಡಿಯಲು ಒಂದು ಒಳ್ಳೆಯ ಉಪಾಯವೂ ಇದೆ: ಲೆಕ್ಕದ ಪ್ರತಿ ಹಂತದಲ್ಲೂ ಅಂಕಿಯ ಜೊತೆಗೆ ಅದರ ಮಾನವನ್ನೂ, ಅಂದರೆ ಆಂಪಿಯರ್, ವ್ಯಾಟ್ ಎಂಬಂಥ ಅಳತೆಯ ಹೆಸರನ್ನೂ ಬರೆಯುವುದು.

## ‘ಕರೆಂಟ್’ ಎಂಬ ಒಂದು ಮಾತು, ನಾಲ್ಕು ಅರ್ಥ

ನಮ್ಮ ಆಡುಮಾತಿನಲ್ಲಿ ಕರೆಂಟ್ ಎಂಬ ಪದಕ್ಕೆ ಬಿಡುವೇ ಇಲ್ಲ. ಕರೆಂಟ್ ಹೋಯಿತು, ಕರೆಂಟ್ ಹೊಡೆಯಿತು, ಈ ತಿಂಗಳು ಕರೆಂಟ್ ಜಾಸ್ತಿ ಉರಿದಿದೆ, ಹೀಟರ್ ಬಹಳ ಕರೆಂಟ್ ಎಳೆಯುತ್ತದೆ. ಒಂದೊಂದು ಸಲವೂ ನಾವು ಹೇಳುತ್ತಿರುವುದು ಬೇರೆಯದೇ ಸಂಗತಿ. ಭೌತವಿಜ್ಞಾನ ಇವನ್ನು ಬಿಡಿಸಿ ಎರಡು ಮೊತ್ತ, ಎರಡು ದರ ಎಂದು ಜೋಡಿಸುತ್ತದೆ.

ಮೊದಲ ಮೊತ್ತ ವಿದ್ಯುದಾವೇಶ, ಅಂದರೆ ಚಾರ್ಜ್. ಅದರ ಮಾನ ಕೂಲಂಬ್. ಒಂದು ಎಲೆಕ್ಟ್ರಾನಿನ ಮೇಲಿರುವ ಆವೇಶದ ಪ್ರಮಾಣ 1.602 × 10⁻¹⁹ ಕೂಲಂಬ್; ಹಾಗಾಗಿ ಒಂದು ಕೂಲಂಬ್ ಆಗಬೇಕಾದರೆ ಸುಮಾರು 6.24 × 10¹⁸ ಎಲೆಕ್ಟ್ರಾನ್‌ಗಳು ಬೇಕು. ಎರಡನೆಯ ಮೊತ್ತ ಶಕ್ತಿ, ಅಂದರೆ ಎನರ್ಜಿ. ಅದರ ಮಾನ ಜೂಲ್.

ಒಂದು ತಂತಿಯ ಅಡ್ಡಕೊಯ್ತದ ಮೂಲಕ ಆವೇಶ ಎಷ್ಟು ವೇಗವಾಗಿ ದಾಟುತ್ತಿದೆ ಎಂಬುದೇ ವಿದ್ಯುತ್ ಪ್ರವಾಹ. ಸೆಕೆಂಡಿಗೆ ಒಂದು ಕೂಲಂಬ್ ದಾಟಿದರೆ ಒಂದು ಆಂಪಿಯರ್. ಶಕ್ತಿ ಎಷ್ಟು ವೇಗವಾಗಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುತ್ತಿದೆ ಎಂಬುದು ಸಾಮರ್ಥ್ಯ, ಅಂದರೆ ಪವರ್. ಸೆಕೆಂಡಿಗೆ ಒಂದು ಜೂಲ್ ಆದರೆ ಒಂದು ವ್ಯಾಟ್.

i = dq/dt,  1 A = 1 C/s
p = dw/dt,  1 W = 1 J/s

ಬಸ್ಸಿನ ಡ್ಯಾಶ್‌ಬೋರ್ಡಿನಲ್ಲಿ ಓಡಿದ ಕಿಲೋಮೀಟರ್ ತೋರಿಸುವ ಅಂಕಿಯೂ ಇರುತ್ತದೆ, ವೇಗದ ಮುಳ್ಳೂ ಇರುತ್ತದೆ. ಕೂಲಂಬ್, ಜೂಲ್ ಇವು ಓಡಿದ ದೂರ ಇದ್ದಂತೆ. ಆಂಪಿಯರ್, ವ್ಯಾಟ್ ಇವು ಮುಳ್ಳು ತೋರಿಸುವ ವೇಗ. ಮೀಟರಿನ ‘ಯೂನಿಟ್’ ಎಂದರೆ ಕಿಲೋವ್ಯಾಟ್-ಅವರ್, ಅಂದರೆ ಒಂದು ಕಿಲೋವ್ಯಾಟ್ ದರದಲ್ಲಿ ಒಂದು ಗಂಟೆ ಹರಿದ ಶಕ್ತಿ. ಹೆಸರಿನಲ್ಲಿ ವ್ಯಾಟ್ ಇದ್ದರೂ ಇದು ಮೊತ್ತವೇ:

1 kWh = 1000 J/s × 3600 s = 3,600,000 J

ಸೆಕೆಂಡು ಮೇಲೆ ಒಂದು, ಕೆಳಗೆ ಒಂದು ಇದ್ದು ಹೊಡೆದುಹೋಯಿತು; ಉಳಿದದ್ದು ಜೂಲ್. ‘ಗೀಸರ್ ಗಂಟೆಗೆ ಎರಡು ಕಿಲೋವ್ಯಾಟ್ ತಿನ್ನುತ್ತದೆ’ ಎಂಬ ಮಾತು ಎಲ್ಲಿ ಎಡವುತ್ತದೆ ಎಂಬುದೂ ಇಲ್ಲೇ ಕಾಣುತ್ತದೆ. ವ್ಯಾಟ್ ಎಂಬುದರ ಹೊಟ್ಟೆಯಲ್ಲೇ ‘ಸೆಕೆಂಡಿಗೆ’ ಎಂಬುದು ಕೂತಿದೆ. ಅದಕ್ಕೆ ಇನ್ನೊಂದು ‘ಗಂಟೆಗೆ’ ಸೇರಿಸಿದರೆ ಅದು ದರವೇ ಎಷ್ಟು ಬೇಗ ಏರುತ್ತಿದೆ ಎಂದು ಹೇಳಿದಂತಾಗುತ್ತದೆ.

## ದೀಪ ಮಿನುಗುವುದನ್ನು ಎಣಿಸಿದರೆ

ಈಗಿನ ಎಲೆಕ್ಟ್ರಾನಿಕ್ ಮೀಟರುಗಳ ಮುಖದ ಮೇಲೆ ಮಿನುಗುವ ಒಂದು ಪುಟ್ಟ ಕೆಂಪು ದೀಪ ಇರುತ್ತದೆ. ಅದರ ಹತ್ತಿರ ಒಂದು ಅಂಕಿ ಬರೆದಿರುತ್ತದೆ. ನಮ್ಮ ಮನೆಯ ಮೀಟರಿನಲ್ಲಿ ಅದು `3200 imp/kWh`. ನಿಮ್ಮದರಲ್ಲಿ ಬೇರೆ ಇರಬಹುದು. ಒಂದು ಯೂನಿಟ್ ಶಕ್ತಿ ಹಾದುಹೋಗುವಷ್ಟರಲ್ಲಿ ದೀಪ 3200 ಸಲ ಮಿನುಗುತ್ತದೆ ಎಂದು ಇದರ ಅರ್ಥ. ಹಾಗಾದರೆ ಒಂದು ಮಿನುಗಿಗೆ:

3,600,000 J ÷ 3200 = 1125 J

ಪ್ರತಿ ಮಿನುಗೂ 1125 ಜೂಲಿನ ಒಂದು ಮೂಟೆ ಬಾಗಿಲು ದಾಟಿತು ಎಂಬ ಸದ್ದಿಲ್ಲದ ಕೂಗು. ಮೂಟೆಗಳ ನಡುವಿನ ಸಮಯವನ್ನು ಅಳೆದರೆ ಸಾಮರ್ಥ್ಯ ಸಿಗುತ್ತದೆ.

ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ನಾನೂ ಆ ಹುಡುಗಿಯೂ ಮೀಟರ್ ಬೋರ್ಡಿನ ಮುಂದೆ ನಿಂತೆವು. ಮೊದಲ ಮಿನುಗಿಗೆ ‘ಸೊನ್ನೆ’ ಎಂದೇ ಎಣಿಸಬೇಕು. ‘ಒಂದು’ ಎಂದು ಶುರುಮಾಡಿದರೆ ಹತ್ತು ಎನ್ನುವಷ್ಟರಲ್ಲಿ ಒಂಬತ್ತೇ ಅಂತರಗಳು ಕಳೆದಿರುತ್ತವೆ, ಉತ್ತರ ಶೇಕಡಾ ಹತ್ತಕ್ಕಿಂತ ಹೆಚ್ಚು ತಪ್ಪುತ್ತದೆ. ಮೊದಲ ಸಲ ಅವಳು ಹಾಗೇ ಮಾಡಿದಳು. ಎಲ್ಲರೂ ಹಾಗೇ ಮಾಡುತ್ತಾರೆ.

ಫ್ರಿಜ್, ಒಂದು ಫ್ಯಾನು, ಒಂದು ದೀಪ ಮಾತ್ರ ಇದ್ದಾಗ ಹತ್ತು ಅಂತರಗಳಿಗೆ 75 ಸೆಕೆಂಡು ಹಿಡಿಯಿತು.

10 × 1125 J ÷ 75 s = 150 J/s = 150 W

ಗೀಸರ್ ಹಾಕಿದೆವು. ದೀಪ ಪಟಪಟನೆ ಮಿನುಗತೊಡಗಿತು. ಈಗ ಹತ್ತು ಅಂತರಗಳಿಗೆ 5.2 ಸೆಕೆಂಡು.

11,250 J ÷ 5.2 s ≈ 2160 W

ವ್ಯತ್ಯಾಸ ಸುಮಾರು 2000 ವ್ಯಾಟ್. ಗೀಸರ್ ಮೇಲೆ ಬರೆದದ್ದು ಸರಿಯಾಗಿಯೇ ಇದೆ. ಬೆರಳು ಒತ್ತುವುದು ಸೆಕೆಂಡಿನ ಐದನೇ ಒಂದು ಪಾಲು ತಡವಾದರೂ ಇಷ್ಟು ಚಿಕ್ಕ ಅವಧಿಯಲ್ಲಿ ಶೇಕಡಾ ನಾಲ್ಕರಷ್ಟು ತಪ್ಪಾಗುತ್ತದೆ. ಬೇಗ ಮಿನುಗುವಾಗ ಐವತ್ತು ಎಣಿಸುವುದು ಮೇಲು.

ಅಜ್ಜಿಗೆ ಉತ್ತರ ಈಗ ಸಿಕ್ಕಿತು. ಸ್ನಾನಕ್ಕೆ ಗೀಸರ್ ಕಾಲು ಗಂಟೆ ಉರಿದರೆ 2 kW × 0.25 h = 0.5 kWh, ಅಂದರೆ ಅರ್ಧ ಯೂನಿಟ್. ಎರಡು ಯೂನಿಟ್ ಆಗಬೇಕಾದರೆ ಅದು ಪೂರ್ತಿ ಒಂದು ಗಂಟೆ ಉರಿಯಬೇಕು. ನೀರು ಕಾದ ಮೇಲೆ ಥರ್ಮೋಸ್ಟಾಟ್ ತಾನಾಗಿ ಕಡಿದುಹಾಕುವುದರಿಂದ ಸ್ವಿಚ್ ಹಾಕಿದ್ದ ಸಮಯವೆಲ್ಲ ಉರಿದ ಸಮಯವಲ್ಲ.

## d ಎಲ್ಲಿಂದ ಬಂತು

ಆದರೆ ನಾವು ಅಳೆದದ್ದು ಡೆರಿವೇಟಿವ್ ಅಲ್ಲ. ಅದು ಸರಾಸರಿ. ಆ 75 ಸೆಕೆಂಡಿನ ನಡುವೆ ಫ್ರಿಜ್ಜಿನ ಕಂಪ್ರೆಸರ್ ನಿಂತುಹೋಗಿದ್ದರೆ ಮೊದಲ ಕೆಲವು ಮಿನುಗು ಬೇಗ, ಉಳಿದವು ನಿಧಾನ ಬರುತ್ತಿದ್ದವು. 150 ವ್ಯಾಟ್ ಎಂಬ ಉತ್ತರ ಆ ಎರಡೂ ಹೊತ್ತಿಗೆ ಹೊಂದದ, ನಡುವಿನ ಒಂದು ಅಂಕಿಯಾಗುತ್ತಿತ್ತು. ಹಾಗಾಗದಂತೆ ಅವಧಿಯನ್ನು ಚಿಕ್ಕದು ಮಾಡಬೇಕು: ಹತ್ತು ಅಂತರದ ಬದಲು ಐದು, ಆಮೇಲೆ ಒಂದು. ಅವಧಿ ಕುಗ್ಗುತ್ತ ಕುಗ್ಗುತ್ತ ಹೋದಂತೆ ‘ಶಕ್ತಿ ಭಾಗಿಸು ಸಮಯ’ ಎಂಬ ಅಂಕಿ ಯಾವುದರ ಬಳಿ ನಿಲ್ಲುತ್ತದೋ ಅದೇ ಆ ಕ್ಷಣದ ಸಾಮರ್ಥ್ಯ, dw/dt. ಆವೇಶಕ್ಕೂ ಇದೇ ಮಾತು.

ಹೀಗೆ ಭಾಗಿಸುವಾಗ ಮಾನವೂ ಜೊತೆಗೇ ಭಾಗವಾಗುತ್ತದೆ. d ಅಕ್ಷರಕ್ಕೆ ತನ್ನದೇ ಮಾನವಿಲ್ಲ. dq ಎಂದರೆ ಚೂರು ಆವೇಶ, ಅದು ಕೂಲಂಬಿನಲ್ಲೇ ಇದೆ. dt ಎಂದರೆ ಚೂರು ಸಮಯ, ಅದು ಸೆಕೆಂಡಿನಲ್ಲೇ ಇದೆ. ಇದೊಂದು ಮನಸ್ಸಿನಲ್ಲಿದ್ದರೆ ಸಾಕು, ಮುಂದಿನ ಲೆಕ್ಕಗಳಲ್ಲಿ ಮಾನ ಪರೀಕ್ಷೆ ತಾನಾಗಿ ಬರುತ್ತದೆ.

I = Q/t ಎಲ್ಲಿ ಕೈಕೊಡುತ್ತದೆ ಎಂದು ನೋಡಲು ಒಂದು ಚಿಕ್ಕ ಲೆಕ್ಕ. ಒಂದು ತಂತಿಯ ಗೊತ್ತಾದ ಜಾಗವನ್ನು t ಸೆಕೆಂಡಿನ ಹೊತ್ತಿಗೆ ದಾಟಿದ ನಿವ್ವಳ ಆವೇಶ, ಮಿಲಿಕೂಲಂಬಿನಲ್ಲಿ, ಹೀಗಿರಲಿ:

q = 3t² − 0.5t³

ಇಲ್ಲಿ 3, 0.5 ಇವು ಬರಿಯ ಅಂಕಿಗಳಂತೆ ಕಾಣುತ್ತವೆ. ಆದರೆ t² ಜೊತೆ s² ಬರುತ್ತದೆ, ಉತ್ತರ ಮಾತ್ರ mC ಆಗಬೇಕು. ಆದ್ದರಿಂದ ಆ 3 ಎಂದರೆ 3 mC/s², 0.5 ಎಂದರೆ 0.5 mC/s³. ಅವಕಲನ ಮಾಡಿದರೆ, ಅಂದರೆ dq/dt ತೆಗೆದರೆ:

i = 6t − 1.5t²

ಮೊದಲ ಪದದ ಮಾನ mC/s² × s = mC/s, ಎರಡನೆಯದರದು mC/s³ × s² = mC/s. ಎರಡೂ ಮಿಲಿಆಂಪಿಯರ್; ಹಾಗಾಗಿ ಒಂದರಿಂದ ಒಂದನ್ನು ಕಳೆಯಬಹುದು.

ಈಗ t = 4 ಸೆಕೆಂಡು. ದಾಟಿದ ಆವೇಶ 48 − 32 = 16 mC. Q/t ಎಂದರೆ 16 ÷ 4 = 4 mA. ಆದರೆ ಆ ಕ್ಷಣದ ಪ್ರವಾಹ 24 − 24 = 0. ಎರಡೂ ಉತ್ತರದ ಮಾನ ಒಂದೇ, ಎರಡೂ ಸರಿ. ಪ್ರಶ್ನೆ ಮಾತ್ರ ಬೇರೆ. ನಾಲ್ಕು ಸೆಕೆಂಡಿನ ಸರಾಸರಿ 4 mA, ನಾಲ್ಕನೇ ಸೆಕೆಂಡು ಮುಗಿದ ಕ್ಷಣದಲ್ಲಿ ಹರಿವೇ ನಿಂತಿದೆ. t = 5ರಲ್ಲಿ i = 30 − 37.5 = −7.5 mA. ಒಟ್ಟು ದಾಟಿದ ಆವೇಶ ಇನ್ನೂ 12.5 mC, ಧನವೇ. ಪ್ರವಾಹ ಋಣ ಎಂದರೆ ಆವೇಶ ಋಣವಾಯಿತು ಎಂದಲ್ಲ, ದಾಟಿದ್ದು ವಾಪಸು ಬರುತ್ತಿದೆ ಎಂದು.

## ಒಂದು ಕೆಪಾಸಿಟರ್ ಬರಿದಾಗುವುದು

ಈಗ ನಿಜವಾದ ಒಂದು ಸರ್ಕಿಟ್. 10 ಮೈಕ್ರೋಫ್ಯಾರಡ್ ಕೆಪಾಸಿಟರನ್ನು 20 ವೋಲ್ಟಿಗೆ ಚಾರ್ಜ್ ಮಾಡಿ, ಅದರ ಎರಡು ಕಾಲುಗಳ ನಡುವೆ 500 ಓಮ್ ರೆಸಿಸ್ಟರ್ ಸೇರಿಸುತ್ತೇವೆ. ಕೂಡಿಟ್ಟ ಆವೇಶ C × V = 10 µF × 20 V = 200 µC, ಅಂದರೆ 0.2 mC. ಅದು ರೆಸಿಸ್ಟರಿನ ಮೂಲಕ ಹರಿದು ಖಾಲಿಯಾಗುತ್ತದೆ. ಎಷ್ಟು ಬೇಗ ಎಂಬುದನ್ನು R × C ನಿರ್ಧರಿಸುತ್ತದೆ:

500 Ω × 10 µF = 5000 µs = 5 ms

ಓಮ್ ಮತ್ತು ಫ್ಯಾರಡ್ ಗುಣಿಸಿದರೆ ಸೆಕೆಂಡು ಬರುವುದೆಂದರೆ ಮೊದಲ ಸಲ ನೋಡಿದವರಿಗೆ ಆಶ್ಚರ್ಯವಾಗುತ್ತದೆ. ಬಿಡಿಸಿ ನೋಡಿ: ಓಮ್ ಎಂದರೆ V/A, ಫ್ಯಾರಡ್ ಎಂದರೆ C/V. ಗುಣಿಸಿದರೆ ವೋಲ್ಟ್ ಹೊಡೆದುಹೋಗಿ C/A ಉಳಿಯುತ್ತದೆ. ಆಂಪಿಯರ್ ಎಂದರೆ C/s. ಹಾಗಾಗಿ ಕೊನೆಗೆ ಉಳಿಯುವುದು ಸೆಕೆಂಡು ಮಾತ್ರ.

t ಮಿಲಿಸೆಕೆಂಡಿನಲ್ಲಿ, q ಮಿಲಿಕೂಲಂಬಿನಲ್ಲಿ ಇದ್ದರೆ ಉಳಿದ ಆವೇಶ:

q = 0.2 e^(−t/5)

e ಮೇಲಿನ ಘಾತ ಬರಿಯ ಅಂಕಿಯಾಗಿರಲೇಬೇಕು, ಅದಕ್ಕೆ ಮಾನ ಇರಕೂಡದು. ಇಲ್ಲಿ ms ÷ ms ಹೊಡೆದುಹೋಗುತ್ತದೆ. ಹುಡುಗಿ ಇಲ್ಲೊಮ್ಮೆ t ಜಾಗದಲ್ಲಿ 0.005 ಹಾಕಿದಳು, ಏಕೆಂದರೆ ಶಾಲೆಯಲ್ಲಿ ‘ಎಲ್ಲವನ್ನೂ ಸೆಕೆಂಡಿಗೆ ಬದಲಿಸಿಕೋ’ ಎಂದು ಕಲಿಸಿದ್ದಾರೆ. ಘಾತ −0.001 ಆಯಿತು, ಐದು ಮಿಲಿಸೆಕೆಂಡು ಕಳೆದರೂ ಕೆಪಾಸಿಟರ್ ತುಂಬಿಯೇ ಇದೆ ಎಂಬ ಉತ್ತರ ಬಂತು. ಬದಲಿಸುವುದು ತಪ್ಪಲ್ಲ, ಬದಲಿಸಿದರೆ ಕೆಳಗಿನ 5 ಕೂಡ 0.005 ಆಗಬೇಕು. ಸರಿಯಾಗಿ ಹಾಕಿದರೆ ಘಾತ −1, ಉಳಿದ ಆವೇಶ ಮೊದಲಿನ ಶೇಕಡಾ 37ರಷ್ಟು.

ಅವಕಲನ ಮಾಡೋಣ:

dq/dt = −(0.2/5) e^(−t/5) = −0.04 e^(−t/5)

ಈ 0.04 ಏನು? ನನ್ನ ಬಳಿ ಬರುವ ಮಕ್ಕಳಲ್ಲಿ ಹೆಚ್ಚಿನವರು ಬರೆಯುವುದು 0.04 mA. q ಮಿಲಿಯಲ್ಲಿತ್ತು, ಉತ್ತರವೂ ಮಿಲಿ ಎಂಬ ಅಂದಾಜು. ಆದರೆ ಭಾಗಿಸಿದ್ದು ಸೆಕೆಂಡಿನಿಂದಲ್ಲ, ಮಿಲಿಸೆಕೆಂಡಿನಿಂದ. mC/ms ಎಂದಾಗ ಮೇಲಿನ ಮಿಲಿ, ಕೆಳಗಿನ ಮಿಲಿ ಹೊಡೆದುಹೋಗಿ C/s, ಅಂದರೆ ಆಂಪಿಯರ್ ಉಳಿಯುತ್ತದೆ. ಆದ್ದರಿಂದ ಶುರುವಿನ ಪ್ರವಾಹ 0.04 A, ಎಂದರೆ 40 mA. ಸಾವಿರ ಪಟ್ಟು ವ್ಯತ್ಯಾಸ. ಇದನ್ನು ಇನ್ನೊಂದು ದಾರಿಯಿಂದಲೂ ತಾಳೆ ನೋಡಬಹುದು: ಮೊದಲ ಕ್ಷಣದಲ್ಲಿ ರೆಸಿಸ್ಟರಿಗೆ ಪೂರ್ತಿ 20 ವೋಲ್ಟ್ ಸಿಗುತ್ತದೆ, ಓಮ್ ನಿಯಮದ ಪ್ರಕಾರ 20 V ÷ 500 Ω = 0.04 A. ತಾಳೆಯಾಯಿತು.

ಋಣ ಚಿಹ್ನೆಗೆ ಹೆದರಬೇಕಿಲ್ಲ. q ಎಂದು ನಾವು ಕರೆದದ್ದು ಕೆಪಾಸಿಟರಿನಲ್ಲಿ ಉಳಿದಿರುವ ಆವೇಶವನ್ನು. ಅದು ಕಡಿಮೆಯಾಗುತ್ತಿದೆ, ಅದಕ್ಕೇ ಋಣ. ರೆಸಿಸ್ಟರಿನೊಳಗೆ ಹೋಗುವ ಪ್ರವಾಹ ಬೇಕೆಂದರೆ ಅದೇ ಅಂಕಿ, ಧನ.

## ಅದೇ ಕೆಪಾಸಿಟರಿನ ಶಕ್ತಿ

ಕೆಪಾಸಿಟರಿನಲ್ಲಿ ಕೂಡಿಟ್ಟ ಶಕ್ತಿ ½CV². ಲೆಕ್ಕ: ½ × 10 µF × 400 V² = 2000 µJ = 2 mJ. ಮಾನ ಸರಿಯೇ? C/V × V² = C × V. ವೋಲ್ಟ್ ಎಂದರೆ ಒಂದು ಕೂಲಂಬಿಗೆ ಎಷ್ಟು ಜೂಲ್ ಎಂಬುದು, J/C. ಹಾಗಾಗಿ ಉಳಿದದ್ದು ಜೂಲ್.

ಈ ಶಕ್ತಿ ಆವೇಶದ ವರ್ಗಕ್ಕೆ ತಕ್ಕಂತೆ ಕುಸಿಯುತ್ತದೆ. ವರ್ಗ ಮಾಡಿದಾಗ ಘಾತ ಇಮ್ಮಡಿಯಾಗುತ್ತದೆ:

w = 2 e^(−2t/5),  w ಮಿಲಿಜೂಲಿನಲ್ಲಿ, t ಮಿಲಿಸೆಕೆಂಡಿನಲ್ಲಿ

ಐದು ಮಿಲಿಸೆಕೆಂಡಿನ ಹೊತ್ತಿಗೆ ಆವೇಶ ಶೇಕಡಾ 37 ಉಳಿದಿದ್ದರೆ ಶಕ್ತಿ ಉಳಿದಿರುವುದು ಶೇಕಡಾ 13.5 ಮಾತ್ರ. ಅವಕಲನ:

dw/dt = −(2 × 2/5) e^(−2t/5) = −0.8 e^(−2t/5)

ಮತ್ತೆ mJ/ms, ಮತ್ತೆ ಮಿಲಿಗಳು ಹೊಡೆದುಹೋಗುತ್ತವೆ. ಶುರುವಿನಲ್ಲಿ ರೆಸಿಸ್ಟರಿಗೆ ಹೋಗುವ ಸಾಮರ್ಥ್ಯ 0.8 W.

ಇದನ್ನು ತಾಳೆ ನೋಡುವಾಗ ಒಂದು ಮುಖ್ಯ ಸಂಬಂಧ ಹೊರಬೀಳುತ್ತದೆ. ವೋಲ್ಟೇಜ್ ಎಂದರೆ ಪ್ರತಿ ಚೂರು ಆವೇಶದೊಂದಿಗೆ ಹೋಗುವ ಶಕ್ತಿ, dw/dq. ಪ್ರವಾಹ dq/dt. ಎರಡನ್ನೂ ಗುಣಿಸಿದರೆ

p = (dw/dq) × (dq/dt) = v × i

ಮಾನದಲ್ಲಿ J/C × C/s = J/s. ಕೂಲಂಬ್ ಹೊಡೆದುಹೋಯಿತು. ‘ವೋಲ್ಟ್ ಗುಣಿಸು ಆಂಪಿಯರ್ ಎಂದರೆ ವ್ಯಾಟ್’ ಎಂದು ಬಾಯಿಪಾಠ ಮಾಡಿದ ಸೂತ್ರದ ಬೇರು ಇದೇ. ನಮ್ಮ ಲೆಕ್ಕದಲ್ಲಿ 20 V × 0.04 A = 0.8 W. ಆವೇಶದ ದಾರಿಯಿಂದ ಬಂದದ್ದೂ ಶಕ್ತಿಯ ದಾರಿಯಿಂದ ಬಂದದ್ದೂ ಒಂದೇ ಜಾಗದಲ್ಲಿ ಕೂಡಿದವು.

## ಮಾನ ಪರೀಕ್ಷೆ ಹಿಡಿಯದ ತಪ್ಪುಗಳು

ಮೇಲಿನ ಅವಕಲನದಲ್ಲಿ ಘಾತದ 2/5ರ ಬದಲು ಬರಿಯ 1/5 ಹೊರಗೆ ತಂದಿದ್ದರೆ ಉತ್ತರ 0.4 W ಆಗುತ್ತಿತ್ತು. ಮಾನ ನೋಡಿದರೆ ಎಲ್ಲ ಸರಿ, mJ/ms, ವ್ಯಾಟ್. ಅಂಕಿ ಮಾತ್ರ ಅರ್ಧ. ½CV² ಬರೆಯುವಾಗ ½ ಮರೆತರೂ ಇದೇ ಕಥೆ, ಚಿಹ್ನೆ ತಪ್ಪಿದರೂ ಇದೇ ಕಥೆ. 2, ½, −1 ಇವಕ್ಕೆ ಮಾನವಿಲ್ಲ. ಆದ್ದರಿಂದ ಮಾನ ಪರೀಕ್ಷೆಯ ಕಣ್ಣಿಗೆ ಇವು ಬೀಳುವುದಿಲ್ಲ. ಇವನ್ನು ಹಿಡಿಯುವುದು ನಾವು ಮಾಡಿದಂತೆ ಇನ್ನೊಂದು ದಾರಿಯ ತಾಳೆ: v × i ಲೆಕ್ಕ 0.8 ಹೇಳುವಾಗ 0.4 ನಿಲ್ಲಲಾರದು.

ಉತ್ತರ ಬಂದ ಮೇಲೆ ಒಂದೇ ಸಲ ಮಾನ ಬರೆದು ಸುಮ್ಮನಾಗುವುದರಿಂದಲೂ ಉಪಯೋಗ ಕಡಿಮೆ. ಪ್ರಶ್ನೆಯಲ್ಲಿ ‘ಪ್ರವಾಹ ಕಂಡುಹಿಡಿಯಿರಿ’ ಎಂದಿದ್ದರೆ ಕೊನೆಗೆ A ಎಂದು ಯಾರಾದರೂ ಬರೆದೇ ಬರೆಯುತ್ತಾರೆ, ಅದು ಪರೀಕ್ಷೆಯಾಗುವುದಿಲ್ಲ. ಮಾನವನ್ನು ಮೊದಲ ಸಾಲಿನಿಂದ ಎಳೆದುಕೊಂಡು ಬಂದು, ಕೊನೆಯಲ್ಲಿ ಅದು ತಾನಾಗಿ A ಆಗುತ್ತದೆಯೇ ಎಂದು ಕಾಯಬೇಕು.

## ಚೂರು ಎಷ್ಟು ಚಿಕ್ಕದಾಗಬಹುದು

ಮೀಟರಿನ ದೀಪಕ್ಕೆ 1125 ಜೂಲಿಗಿಂತ ಚಿಕ್ಕ ಚೂರು ಕಾಣುವುದಿಲ್ಲ. ನಮ್ಮ ಮನೆಗೆ ಬರುವ 50 ಹರ್ಟ್ಸ್ ವಿದ್ಯುತ್ತಿನಲ್ಲಿ ಗೀಸರಿನ ಸಾಮರ್ಥ್ಯ ಸೆಕೆಂಡಿಗೆ ನೂರು ಸಲ ಸೊನ್ನೆಗಿಳಿದು ಮತ್ತೆ ಏರುತ್ತದೆ. ಅರ್ಧ ಸೆಕೆಂಡಿಗೊಮ್ಮೆ ಮಿನುಗುವ ದೀಪ ಅದನ್ನೆಲ್ಲ ಸಮಮಾಡಿ 2000 ವ್ಯಾಟ್ ಎನ್ನುತ್ತದೆ.

ಆವೇಶದಲ್ಲೂ ಇಂಥ ಮೂಟೆ ಇದೆ: ಒಂದು ಎಲೆಕ್ಟ್ರಾನ್. ಅರ್ಧ ಎಲೆಕ್ಟ್ರಾನ್ ದಾಟಲಾರದು. ಹಾಗಿದ್ದರೂ dt ಸೊನ್ನೆಯ ಕಡೆ ಹೋಗುತ್ತದೆ ಎಂದು ನಾವು ನಿಶ್ಚಿಂತೆಯಿಂದ ಬರೆಯುತ್ತೇವೆ. 40 ಮಿಲಿಆಂಪಿಯರ್ ಹರಿಯುವಾಗ ಸೆಕೆಂಡಿಗೆ ಸುಮಾರು 2.5 × 10¹⁷ ಎಲೆಕ್ಟ್ರಾನ್‌ಗಳು ದಾಟುತ್ತವೆ. ಒಂದು ನ್ಯಾನೋಸೆಕೆಂಡು ಎಂಬಷ್ಟು ಸಣ್ಣ ಅವಧಿಯಲ್ಲೂ 25 ಕೋಟಿ. ಅಷ್ಟು ದಟ್ಟವಾಗಿರುವಾಗ ಕಾಳುಕಾಳಾಗಿ ಬರುವುದೂ ಧಾರೆಯಂತೆಯೇ ಕಾಣುತ್ತದೆ.

ಆದರೆ ಕೆಪಾಸಿಟರಿನ ಸೂತ್ರವನ್ನು ಬಹಳ ದೂರ ಎಳೆದರೆ ಅದು ಕಿತ್ತುಹೋಗುತ್ತದೆ. 0.2 ಮಿಲಿಕೂಲಂಬ್ ಎಂದರೆ ಸುಮಾರು 1.25 × 10¹⁵ ಎಲೆಕ್ಟ್ರಾನ್‌ಗಳು. ಸೂತ್ರದ ಪ್ರಕಾರ 174 ಮಿಲಿಸೆಕೆಂಡಿನ ಹೊತ್ತಿಗೆ ಉಳಿದಿರುವುದು ಒಂದು ಎಲೆಕ್ಟ್ರಾನಿನಷ್ಟು ಆವೇಶ, ಅದರ ಮರುಕ್ಷಣ ಒಂದಕ್ಕಿಂತ ಕಡಿಮೆ. ನಿಜವಾದ ಕೆಪಾಸಿಟರಿನಲ್ಲಿ ಅಲ್ಲಿಯವರೆಗೆ ಹೋಗುವುದೂ ಇಲ್ಲ. ಕೋಣೆಯ ಬಿಸಿಗೇ ಎಲೆಕ್ಟ್ರಾನ್‌ಗಳು ಹಿಂದೆ ಮುಂದೆ ಅಲುಗಾಡುತ್ತಿರುತ್ತವೆ, ಉಳಿದ ಆವೇಶ ಆ ಅಲುಗಾಟಕ್ಕಿಂತ ಸಣ್ಣದಾದೊಡನೆ ನಿಯಮಿತ ಇಳಿಕೆ ಎಂಬುದು ಅದರಲ್ಲಿ ಮುಳುಗಿಹೋಗುತ್ತದೆ.